ಅಹವಾಲು ಸಭೆಯ ವಿಡಿಯೊ ನೋಡುವ ಬಗೆ

ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಹಿಟ್ನಾಳದಿಂದ ಗಿಣಿಗೇರಿ, ಹಿರೇಬಗನಾಳದ ಕಡೆ ಹೊರಟರೆ ಹೊಲಗಳ ನಡುವೆ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಇಂಥ ದೊಡ್ಡ ಕಾರ್ಖಾನೆ ಹೊಸದಾಗಿ ಬರುವಾಗ ಅಥವಾ ಇದ್ದದ್ದು ವಿಸ್ತರಣೆಗೆ ಹೊರಟಾಗ ಸಾಮಾನ್ಯವಾಗಿ ಪರಿಸರ ಸಾರ್ವಜನಿಕ ಆಲಿಕೆ ನಡೆಯಬೇಕು. ಜನರ ಬಾಯಲ್ಲಿ ಅದು ಅಹವಾಲು ಸಭೆ. ಜಿಲ್ಲಾಧಿಕಾರಿಗಳು ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿ ಅದನ್ನು ನಡೆಸುತ್ತಾರೆ. 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯ ಪ್ರಕಾರ ಇಡೀ ಸಭೆಯನ್ನು ವಿಡಿಯೊ ಮಾಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಸಭೆಯ ನಡಾವಳಿಯ ಜೊತೆಗೆ ಆ ವಿಡಿಯೊದ ಪ್ರತಿಯೂ ಹೋಗಬೇಕು.

ಈ ಸಭೆಗೆ ಕೋರಂ ಇಲ್ಲ. ಯಾರು ಬೇಕಾದರೂ ಬರಬಹುದು, ಕೇಳಬಹುದು. ಕೈ ಎತ್ತಿಸಿ ಎಣಿಸುವ ಪದ್ಧತಿ ಇಲ್ಲವಾದ್ದರಿಂದ ಸಭೆ ಎಲ್ಲಿ ಒಪ್ಪಿತು, ಎಲ್ಲಿ ಒಡೆಯಿತು, ಒಡೆದದ್ದು ಮತ್ತೆ ಎಲ್ಲಿ ಕೂಡಿತು ಎಂಬುದು ಅಂಕಿಯಲ್ಲಿ ಸಿಗುವುದಿಲ್ಲ. ಅದನ್ನು ಕೇಳಿಯೇ ಹಿಡಿಯಬೇಕು. ವಿಡಿಯೊ ನೋಡುತ್ತ ಆ ಏರಿಳಿತವನ್ನು ಬರೆದಿಡುವುದೇ ಒಂದು ಕಲೆ. ಹೊಸಬರು ಇದನ್ನು ಕಲಿಯುವಾಗ ಮೊದಲು ಬಿಡಬೇಕಾದದ್ದು ಮಾತಾಡುವವರ ಮೇಲೆ ನೆಟ್ಟ ಕಣ್ಣನ್ನು. ಮೈಕಿನ ಮುಂದೆ ನಿಂತವರು ಯಾರು, ಯಾವ ಪಕ್ಷ, ಯಾರ ಕಡೆಯವರು ಎಂದು ನೋಡುತ್ತ ಕೂತರೆ ಅವರ ಹಿಂದೆ ಕೂತ ನೂರಾರು ಮಂದಿ ಕೇಳಿಸುವುದೇ ಇಲ್ಲ. ನಮಗೆ ಬೇಕಾದವರು ಆ ನೂರಾರು ಮಂದಿ.

ಮೊದಲ ಸಲ ಏನನ್ನೂ ಬರೆಯದೆ ಪೂರ್ತಿ ನೋಡಿ. ಎರಡನೆಯ ಸಲ ಪರದೆಗೆ ಬೆನ್ನು ಮಾಡಿ ಬರೀ ಧ್ವನಿ ಕೇಳಿ. ಗುಜುಗುಜು ಎದ್ದಾಗ, ಚಪ್ಪಾಳೆ ಬಿದ್ದಾಗ, ಸದ್ದು ಅಡಗಿದಾಗ ವಿಡಿಯೊದ ಹೊತ್ತನ್ನಷ್ಟೇ ಗುರುತು ಹಾಕಿಕೊಳ್ಳಿ. ಮೂರನೆಯ ಸಲ ಆ ಗುರುತುಗಳ ಹಿಂದಿನ ಒಂದೆರಡು ನಿಮಿಷಕ್ಕೆ ಹೋಗಿ, ಆಗ ಯಾವ ವಿಷಯ ನಡೆದಿತ್ತು ಎಂದು ಬರೆಯಿರಿ. ಹೆಸರು ಬೇಡ, ‘ಒಬ್ಬ ರೈತರು’, ‘ಕಂಪನಿಯ ಪ್ರತಿನಿಧಿ’ ಎಂದರೆ ಸಾಕು. ಗುಣವಾಚಕವೂ ಬೇಡ. ‘ಸಿಟ್ಟಿಗೆದ್ದ ಜನ’ ಎನ್ನುವುದು ನಿಮ್ಮ ತೀರ್ಪು. ‘ಎಡಗಡೆಯ ಹಿಂದಿನ ಸಾಲುಗಳಲ್ಲಿ ಹಲವರು ಎದ್ದು ನಿಂತರು, ಅರ್ಧ ನಿಮಿಷ ಮಾತು ಕೇಳಿಸಲಿಲ್ಲ’ ಎನ್ನುವುದು ಯಾರು ಬೇಕಾದರೂ ತಾಳೆ ನೋಡಬಹುದಾದ ಸಂಗತಿ.

ಈ ಭಾಗದ ಸಭೆಗಳಲ್ಲಿ ಬರುವಂಥ ಮಾತುಗಳನ್ನೇ ಇಟ್ಟುಕೊಂಡು ಒಂದು ತುಣುಕು ಕಟ್ಟಿ ನೋಡೋಣ. ಕಂಪನಿಯವರು ಯೋಜನೆ ವಿವರಿಸಿ ಮುಗಿಸಿದ್ದಾರೆ. ಒಬ್ಬ ರೈತರು ಎದ್ದು, ‘ಬೆಳಿ ಮ್ಯಾಲೆ ಕರೀ ಧೂಳ ಕುಂದರತೈತ್ರಿ ಸಾಹೇಬ್ರ, ದನ ಮೇವು ಮುಟ್ಟವಲ್ವು’ ಎನ್ನುತ್ತಾರೆ. ಎಡಗಡೆಯಿಂದ ಚಪ್ಪಾಳೆ. ಮುಂದೆ ಬಂದ ಯುವಕರೊಬ್ಬರು, ‘ನಮ್ಮ ಹುಡುಗ್ರು ಎಷ್ಟು ದಿನ ಗುಳೆ ಹೋಗ್ಬೇಕ್ರಿ, ಇಲ್ಲೇ ಕೆಲಸ ಸಿಗ್ಲಿ’ ಎಂದಾಗ ಬಲಗಡೆಯಿಂದ ಚಪ್ಪಾಳೆ. ಘೋಷಣೆ ಶುರುವಾಗುತ್ತದೆ, ವೇದಿಕೆಯಿಂದ ‘ಕುಂದ್ರಿ, ಎಲ್ಲಾರಿಗೂ ಮಾತಾಡಾಕ ಕೊಡ್ತೀವಿ’ ಎಂಬ ಮಾತು ಬರುತ್ತದೆ. ಬಳಿಕ ಒಬ್ಬ ಹೆಣ್ಣುಮಗಳು ಮೈಕ್ ಹಿಡಿದು ಎರಡೇ ಪ್ರಶ್ನೆ ಕೇಳುತ್ತಾರೆ: ‘ಎಷ್ಟು ಮಂದಿಗೆ ಕೆಲಸ ಅಂತ ಬರದು ಕೊಡ್ತೀರೇನ್ರಿ? ಧೂಳ ಹಿಡಿಯೋ ಮಷಿನ್ ರಾತ್ರಿ ಚಾಲೂ ಐತಿಲ್ಲ ಅಂತ ಯಾರು ನೋಡ್ತಾರ?’ ಮೊದಲು ಸದ್ದಿಲ್ಲ. ಆಮೇಲೆ ಎರಡೂ ಕಡೆಯಿಂದ ಚಪ್ಪಾಳೆ.

ಸಭೆ ತಿರುಗಿದ್ದು ಇಲ್ಲಿ. ಕಾರ್ಖಾನೆ ಬೇಕು ಎನ್ನುವವರು ಬೇಡ ಎನ್ನುವವರ ಕಡೆ ಹೋಗಲಿಲ್ಲ, ಅವರು ಇವರ ಕಡೆಗೂ ಬರಲಿಲ್ಲ. ಬದಲಾದದ್ದು ಪ್ರಶ್ನೆ. ‘ಬೇಕೋ ಬೇಡವೋ’ ಎಂಬಲ್ಲಿ ಎರಡಾಗಿದ್ದ ಸಭೆ, ‘ಹೊಣೆ ಯಾರದು, ಬರಹದಲ್ಲಿ ಇದೆಯೇ’ ಎಂಬಲ್ಲಿ ಒಂದಾಯಿತು. ನಿಮ್ಮ ಟಿಪ್ಪಣಿಯಲ್ಲಿ ಬರಬೇಕಾದದ್ದು ಇಷ್ಟು: ‘ಕೆಲಸದ ಲಿಖಿತ ಭರವಸೆ ಮತ್ತು ರಾತ್ರಿಯ ಧೂಳಿನ ತಪಾಸಣೆ ಕುರಿತ ಪ್ರಶ್ನೆಗೆ ಸಭೆಯ ಎರಡೂ ಬದಿಯಿಂದ ಚಪ್ಪಾಳೆ, ಹಿಂದಿನ ಎರಡು ಮಾತುಗಳಿಗೆ ಒಂದೊಂದು ಬದಿಯಿಂದ ಮಾತ್ರ.’ ಆ ಹೆಣ್ಣುಮಗಳು ಜಾಣೆ ಎಂದೋ ಆ ಯುವಕರು ಕಂಪನಿ ಕಳಿಸಿದವರು ಎಂದೋ ಬರೆದರೆ ಓದುವವರು ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ, ಸಭೆ ಮರೆತುಹೋಗುತ್ತದೆ.

ಮೌನವನ್ನು ಮಾತ್ರ ಬಹಳ ಎಚ್ಚರದಿಂದ ಓದಬೇಕು. ಸುಮ್ಮನಿದ್ದರು ಎಂದ ಮಾತ್ರಕ್ಕೆ ಒಪ್ಪಿದರು ಎಂದಲ್ಲ. ಕಂಪನಿಯವರು ಟನ್ನು, ಮೆಗಾವ್ಯಾಟ್ ಎಂದು ಹೇಳುವಾಗಿನ ಮೌನ ಅರ್ಥವಾಗದ್ದರಿಂದ ಬಂದಿರಬಹುದು. ಅದನ್ನು ತಿಳಿಯಲು ಮೌನದ ನಂತರದ ಮೊದಲ ಪ್ರಶ್ನೆ ಕೇಳಿ. ಅದು ಹೇಳಿದ ವಿಷಯವನ್ನೇ ಹಿಡಿದು ಮುಂದುವರಿದರೆ ಜನ ಕೇಳುತ್ತಿದ್ದರು. ಸಂಬಂಧವೇ ಇಲ್ಲದ ಬೇರೆ ಮಾತು ಬಂದರೆ ವಿವರಣೆ ಅವರನ್ನು ತಲುಪಿರಲಿಲ್ಲವೇನೋ. ಆಗಲೂ ‘ಮೌನ, ನಂತರ ಬೇರೆ ವಿಷಯ’ ಎಂದಷ್ಟೇ ಬರೆದರೆ ಒಳ್ಳೆಯದು.

ಧ್ವನಿಯೂ ಮೋಸ ಮಾಡುತ್ತದೆ. ಶಾಮಿಯಾನದಲ್ಲಿ ಕ್ಯಾಮೆರಾ ಹೆಚ್ಚಾಗಿ ವೇದಿಕೆಯ ಕಡೆಗೋ ಮಾತಾಡುವವರ ಕಡೆಗೋ ಇರುತ್ತದೆ. ಅದರ ಪಕ್ಕದಲ್ಲಿ ಕೂತ ಹತ್ತು ಜನರ ಚಪ್ಪಾಳೆ ದೂರದ ನೂರು ಜನರದ್ದಕ್ಕಿಂತ ಜೋರಾಗಿ ಕೇಳಿಸಬಹುದು. ಅನೇಕ ಕ್ಯಾಮೆರಾಗಳು ಸದ್ದು ತಗ್ಗಿದಾಗ ತಾವಾಗಿಯೇ ಧ್ವನಿ ಏರಿಸಿಕೊಳ್ಳುತ್ತವೆ. ಆಗ ಫ್ಯಾನಿನ ಸದ್ದೂ ಗದ್ದಲದಂತೆ ಕೇಳುತ್ತದೆ. ಫ್ಯಾನ್, ಜನರೇಟರ್‌ಗಳ ಸದ್ದು ಒಮ್ಮೆಲೆ ದೊಡ್ಡದಾದರೆ ಸಭೆ ಸ್ತಬ್ಧವಾಗಿದೆ ಎಂದು ಊಹಿಸಬಹುದು. ಒಂದು ವಾಕ್ಯ ಅರ್ಧಕ್ಕೆ ನಿಂತು ಬೆಳಕು ಬೇರೆಯಾಗಿ ಕಂಡರೆ ಅಲ್ಲಿ ರೆಕಾರ್ಡಿಂಗ್ ತುಂಡಾಗಿದೆ. ಆ ತುಂಡಿನ ಎರಡು ಬದಿಯ ಮಾತುಗಳನ್ನು ಜೋಡಿಸಿ ಸಭೆಯ ಮನಸ್ಸು ಹೀಗೆ ಬದಲಾಯಿತು ಎನ್ನಬಾರದು. ‘ಇಲ್ಲಿ ರೆಕಾರ್ಡಿಂಗ್ ಇಲ್ಲ’ ಎಂದು ಬರೆದು ಮುಂದೆ ಹೋಗಬೇಕು.

ಅನುಭವಿಗಳು ಮೈಯೆಲ್ಲ ಕಿವಿಯಾಗಿ ಕೇಳುವ ಭಾಗ ಬರುವುದು ಕೊನೆಗೆ. ಹೊಸಬರು ಅಲ್ಲಿಗೆ ಬರುವ ಹೊತ್ತಿಗೆ ವಿಡಿಯೊ ಬಂದ್ ಮಾಡಿರುತ್ತಾರೆ. ಸಭೆಯಲ್ಲಿ ಬಂದ ಎಲ್ಲ ಅಭಿಪ್ರಾಯ, ಆತಂಕಗಳ ಸಾರಾಂಶವನ್ನು ಮಂಡಳಿಯ ಪ್ರತಿನಿಧಿ ಬರೆದುಕೊಂಡು, ಕೊನೆಯಲ್ಲಿ ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕು ಎಂದು ಅಧಿಸೂಚನೆ ಹೇಳುತ್ತದೆ. ಒಪ್ಪಿತವಾದ ನಡಾವಳಿಗೆ ಸಭೆ ನಡೆಸಿದ ಅಧಿಕಾರಿ ಅದೇ ದಿನ ಸಹಿ ಹಾಕಬೇಕು. ಆ ಓದು ನಡೆಯುವಾಗ ಎಲ್ಲ ಕಡೆಯವರು ಒಂದೇ ಪಠ್ಯಕ್ಕೆ ಕಿವಿಗೊಡುತ್ತಾರೆ. ‘ಧೂಳಿನ ಮಾತು ಬಿಟ್ರಿ, ಅದನ್ನ ಬರಕೊಳ್ರಿ’ ಎಂದು ಯಾರೋ ಕೂಗುತ್ತಾರೆ. ಆ ಕೂಗಿಗೆ ಎದುರು ಬದಿಯಿಂದ ಅಡ್ಡ ಮಾತು ಬಂತೇ? ಸೇರಿಸಿದ ಮೇಲೆ ಗದ್ದಲ ಇಳಿಯಿತೇ, ಹಾಗೇ ಉಳಿಯಿತೇ? ಕಾರ್ಖಾನೆಯ ಬಗ್ಗೆ ಕೊನೆತನಕ ಒಪ್ಪದವರೂ ‘ನಾವು ಹೇಳಿದ್ದು ಇದೇ’ ಎಂದು ಒಪ್ಪುವುದುಂಟು. ಇವೆರಡನ್ನು ಒಂದಕ್ಕೊಂದು ಬೆರೆಸಿದರೆ ಟಿಪ್ಪಣಿ ಸುಳ್ಳಾಗುತ್ತದೆ. ‘ಸಾರಾಂಶಕ್ಕೆ ಆಕ್ಷೇಪ ಉಳಿಯಲಿಲ್ಲ’ ಎನ್ನುವುದಕ್ಕೂ ‘ಯೋಜನೆಗೆ ಆಕ್ಷೇಪ ಉಳಿಯಲಿಲ್ಲ’ ಎನ್ನುವುದಕ್ಕೂ ಅಜಗಜಾಂತರ.

ಟಿಪ್ಪಣಿ ಮುಗಿದ ಮೇಲೆ ಸಭೆಯಲ್ಲಿ ಎದುರುಬದುರು ಕೂತಿದ್ದ ಇಬ್ಬರಿಗೆ ಅದನ್ನು ಓದಲು ಕೊಡಿ. ಇಬ್ಬರೂ ‘ಹೌದ್ರಿ, ಹಿಂಗ ಆತು’ ಎಂದರೆ ನಿಮ್ಮ ಕೈ ಕುದುರಿದೆ. ಒಬ್ಬರಿಗೆ ಖುಷಿಯಾಗಿ ಇನ್ನೊಬ್ಬರು ಮುಖ ಬಿಗಿದರೆ, ಅವರು ಬೆರಳಿಟ್ಟ ಸಾಲಿನ ಹೊತ್ತನ್ನು ನೋಡಿಕೊಂಡು ವಿಡಿಯೊವನ್ನು ಅಲ್ಲಿಗೇ ಓಡಿಸಿ, ಮೂವರೂ ಕೂತು ಇನ್ನೊಮ್ಮೆ ಕೇಳಿ.