ಕಡಲೂರಿನ ಸಾಫ್ಟ್‌ನರ್: ಕೆಟ್ಟದ್ದು ಯಂತ್ರವೋ, ಲೆಕ್ಕವೋ?

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ನದಿಯ ಈ ಭಾಗವೂ ವರ್ಷವಿಡೀ ಸಿಹಿಯಾಗಿರುವುದಿಲ್ಲ. ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ ಗಂಗೊಳ್ಳಿ ಅಳಿವೆಯಿಂದ ಉಬ್ಬರದ ನೀರು ಒಳಕ್ಕೆ ಏರಿ ಬರುತ್ತದೆ. ಇಂಥ ಎರಡು ಉಪ್ಪುನೀರಿನ ನಡುವಿನ ಹೊಯಿಗೆ ನೆಲದಲ್ಲಿ ಬಾವಿ ತೋಡಿದರೆ ಸಿಗುವುದು ಮಳೆ ಇಳಿದು ನಿಂತ ಸಿಹಿನೀರಿನ ತೆಳ್ಳನೆಯ ಪದರ. ಅದರ ಕೆಳಗೆ ಉಪ್ಪುನೀರು ಕಾದಿರುತ್ತದೆ. ಇಂಥ ನೆಲದ ಮನೆಗೂ ವಸತಿಗೃಹಕ್ಕೂ ಬಯಲುಸೀಮೆಯ ಬೋರ್‌ವೆಲ್ಲಿಗೆ ಹಾಕುವ ಸಾಫ್ಟ್‌ನರನ್ನೇ, ಅದೇ ಹೊಂದಾಣಿಕೆಯಲ್ಲಿ ಕೂರಿಸುವ ಪದ್ಧತಿಯನ್ನು ಪರಿಶೀಲಿಸಬೇಕಾಗಿದೆ. ಸೋಪು ನೊರೆ ಕೊಡದಾಗ ಎಲ್ಲರೂ ಯಂತ್ರವನ್ನು ಬಯ್ಯುತ್ತಾರೆ. ಯಂತ್ರದ ತಪ್ಪು ಅದರಲ್ಲಿ ಸ್ವಲ್ಪ ಪಾಲು ಮಾತ್ರ.

ಸಾಫ್ಟ್‌ನರ್ ಮಾಡುವ ಕೆಲಸ ಒಂದೇ. ಅದರೊಳಗಿನ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಪಕ್ಕದ ಟ್ಯಾಂಕಿನ ಉಪ್ಪುನೀರಿನಿಂದ ಅವನ್ನು ತೊಳೆದು ಮತ್ತೆ ಸಜ್ಜುಗೊಳಿಸಬೇಕು. ಇದೇ ರೀಜನರೇಶನ್. ಮೊದಲು ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಕೆಸರು ತೆಗೆಯುವುದು, ಆಮೇಲೆ ಉಪ್ಪುನೀರನ್ನು ಎಳೆದು ನಿಧಾನವಾಗಿ ಹಾಯಿಸುವುದು, ಕೊನೆಗೆ ರಭಸವಾಗಿ ತೊಳೆದು ಉಪ್ಪಿನ ಟ್ಯಾಂಕಿಗೆ ಹೊಸ ನೀರು ತುಂಬುವುದು. ಎಲ್ಲ ಸೇರಿ ಒಂದೂವರೆ ಗಂಟೆಯ ಆಸುಪಾಸಿನ ಕೆಲಸ.

ಕರಾವಳಿಯಲ್ಲಿ ಇದು ಮೊದಲು ಸೋಲುವುದು ಉಪ್ಪಿನ ಟ್ಯಾಂಕಿನಲ್ಲಿ. ಮಳೆಗಾಲದ ತೇವಕ್ಕೆ ಮೇಲಿನ ಉಪ್ಪು ಕರಗಿ, ಬಿಸಿಲು ಬಂದಾಗ ಒಣಗಿ, ಗಟ್ಟಿ ಹೆಪ್ಪಾಗಿ ಟ್ಯಾಂಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದರಡಿ ಟೊಳ್ಳು. ಕೆಳಗಿನ ನೀರಿಗೆ ಉಪ್ಪು ತಾಗುವುದೇ ಇಲ್ಲ, ರೆಸಿನ್‌ಗೆ ಹೋಗುವುದು ಬರೀ ಸಪ್ಪೆ ನೀರು. ಮುಚ್ಚಳ ತೆರೆದು ನೋಡಿದವರಿಗೆ ಮಾತ್ರ ಟ್ಯಾಂಕ್ ತುಂಬಿರುವಂತೆಯೇ ಕಾಣುತ್ತದೆ. ವಾರಗಟ್ಟಲೆ ಉಪ್ಪಿನ ಮಟ್ಟ ಇಳಿಯದಿದ್ದರೆ ಅನುಮಾನ ಪಡಬೇಕು. ಮೊಂಡು ತುದಿಯ ಮರದ ಕೋಲಿನಿಂದ ನಡುವೆ ಮೆಲ್ಲಗೆ ಒತ್ತಿದಾಗ ಒಮ್ಮೆಲೇ ಕುಸಿದರೆ ಹೆಪ್ಪು ಖಚಿತ. ಹಾರೆಯಿಂದ ಗೋಡೆಗೆ ಹೊಡೆದರೆ ಟ್ಯಾಂಕೇ ಸೀಳೀತು. ಹೆಪ್ಪು ಒಡೆದ ಮೇಲೆ ಕೆಲವು ಗಂಟೆ ಬಿಟ್ಟು, ನೀರು ಉಪ್ಪು ಹೀರಿದ ನಂತರವೇ ಕೈಯಾರೆ ರೀಜನರೇಶನ್ ಕೊಡಬೇಕು.

ಇಲ್ಲಿ ಉಪ್ಪಿನ ಆಯ್ಕೆಯೂ ಕೆಲಸ ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದ ಅಗ್ಗದ ಹರಳುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಉಳಿದಿರುತ್ತದೆ. ಗಾಳಿಯ ತೇವವನ್ನು ಎಳೆದುಕೊಂಡು ಒಸರುವುದು ಅದೇ. ಸಾಣಿಕಟ್ಟೆಯ ಉಪ್ಪು ಉಪ್ಪಿನಕಾಯಿಗೆ ಒಪ್ಪುತ್ತದೆ, ಈ ಟ್ಯಾಂಕಿಗಲ್ಲ. ಪುಡಿ ಉಪ್ಪಾದರೆ ತಳದಲ್ಲಿ ಕೆಸರಾಗಿ ಕೂರುತ್ತದೆ. ಶುದ್ಧೀಕರಿಸಿದ ಮಾತ್ರೆ ಉಪ್ಪನ್ನೇ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕನ್ನು ಅರ್ಧಕ್ಕಿಂತ ಹೆಚ್ಚು ತುಂಬದಿರುವುದು ಸರಳ ಪರಿಹಾರ.

ಎರಡನೆಯ ಸೋಲು ಕಣ್ಣಿಗೆ ಬೀಳುವುದಿಲ್ಲ. ಉಪ್ಪುನೀರನ್ನು ಎಳೆಯುವುದು ಯಾವುದೇ ಮೋಟಾರಲ್ಲ; ವಾಲ್ವಿನೊಳಗಿನ ಇಂಜೆಕ್ಟರ್ ಎಂಬ ಸಣ್ಣ ಕಂಡಿಯಲ್ಲಿ ನೀರು ರಭಸದಿಂದ ಹಾಯುವಾಗ ಹುಟ್ಟುವ ಸೆಳೆತ. ಅದಕ್ಕೆ ಸಾಮಾನ್ಯವಾಗಿ ಒಂದೂವರೆ ಬಾರ್‌ನಷ್ಟಾದರೂ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದೇ ಬಾರ್. ಹೆಂಚಿನ ಮನೆಯ ಪಕ್ಕದ ಓವರ್‌ಹೆಡ್ ಟ್ಯಾಂಕಿನಿಂದ ಅರ್ಧ ಬಾರ್ ಸಿಕ್ಕರೆ ಹೆಚ್ಚು. ಹಾಗಾಗಿ ಪ್ರೆಶರ್ ಪಂಪ್ ಬೇಕೇ ಬೇಕು. ಯಂತ್ರ ರಾತ್ರಿ ಎರಡಕ್ಕೆ ತಿರುಗಲು ಹೊಂದಿಸಿ, ಪಂಪನ್ನು ಮಲಗುವ ಮುನ್ನ ಆರಿಸುವ ಮನೆಗಳಲ್ಲಿ ವಾಲ್ವ್ ತನ್ನ ಪಾಡಿಗೆ ಎಲ್ಲ ಹಂತ ಸುತ್ತಿ ಮುಗಿಸುತ್ತದೆ, ಪರದೆಯ ಮೇಲೆ ಎಲ್ಲವೂ ಸರಿ, ಒಳಗೆ ಹನಿ ಉಪ್ಪುನೀರೂ ಹೋಗಿರುವುದಿಲ್ಲ. ಸೂಜಿ ಗಡಿಯಾರದ ಹಳೆಯ ವಾಲ್ವಾದರೆ ಕರೆಂಟು ಹೋದಷ್ಟೂ ಹೊತ್ತು ಗಡಿಯಾರ ನಿಲ್ಲುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ರಾತ್ರಿಯ ರೀಜನರೇಶನ್ ಮಟಮಟ ಮಧ್ಯಾಹ್ನಕ್ಕೆ ಬಂದಿರುತ್ತದೆ. ಆ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಶುದ್ಧ ಗಡಸು ನೀರೇ. ಪರೀಕ್ಷೆ ಸುಲಭ: ಹಗಲಿನಲ್ಲೇ ಎಳೆಯುವ ಹಂತಕ್ಕೆ ತಂದು ಉಪ್ಪಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಹದಿನೈದು ನಿಮಿಷದಲ್ಲಿ ಅದು ಇಳಿಯದಿದ್ದರೆ ಒತ್ತಡ ಸಾಲದು, ಇಲ್ಲವೇ ಇಂಜೆಕ್ಟರಿಗೆ ಹೊಯಿಗೆ ಸಿಕ್ಕಿದೆ, ಇಲ್ಲವೇ ಕೊಳವೆ ಎಲ್ಲೋ ಗಾಳಿ ಎಳೆಯುತ್ತಿದೆ.

ಇವೆಲ್ಲ ಸರಿಯಿದ್ದೂ ಏಪ್ರಿಲ್‌ನಲ್ಲಿ ನೀರು ಗಡಸಾಗುವುದುಂಟು. ಆಗ ಲೆಕ್ಕ ಮಾಡಬೇಕು. ಸಮುದ್ರದ ನೀರಿನ ಗಡಸುತನ ಲೀಟರಿಗೆ ಸುಮಾರು 6,300 ಮಿಲಿಗ್ರಾಂ, ಕ್ಲೋರೈಡ್ ಸುಮಾರು 19,400. ಬಾವಿಗೆ ಅದು ಶೇಕಡಾ 5ರಷ್ಟು ಬೆರೆತರೂ ಗಡಸುತನ 315ರಷ್ಟು, ಕ್ಲೋರೈಡ್ 970ರಷ್ಟು ಏರುತ್ತದೆ. 25 ಲೀಟರ್ ರೆಸಿನ್ ಇರುವ ಯಂತ್ರವನ್ನು ತೆಗೆದುಕೊಳ್ಳೋಣ. ಲೀಟರಿಗೆ 50 ಗ್ರಾಂ ಹಿಡಿಯುತ್ತದೆ ಎಂದರೆ ಒಟ್ಟು 1,250 ಗ್ರಾಂ; ಅಂದರೆ ಸುಮಾರು 4,000 ಲೀಟರ್ ನೀರು. ದಿನಕ್ಕೆ ಸಾವಿರ ಲೀಟರ್ ಬಳಸುವ ಮನೆಗೆ ನಾಲ್ಕೇ ದಿನ. ಮಳೆಗಾಲದಲ್ಲಿ ಅದೇ ಬಾವಿಯ ಗಡಸುತನ 50ಕ್ಕೆ ಇಳಿದರೆ ಅದೇ ರೆಸಿನ್ 25 ದಿನ ಬಾಳುತ್ತದೆ. ವಾರಕ್ಕೊಮ್ಮೆ ಎಂದು ಹೊಂದಿಸಿ ಹೋದ ಗಡಿಯಾರ ಬೇಸಿಗೆಯಲ್ಲಿ ಮೂರು ದಿನ ಗಡಸು ನೀರು ಕೊಡುತ್ತದೆ, ಮಳೆಗಾಲದಲ್ಲಿ ಸುಮ್ಮನೆ ಉಪ್ಪು ಚೆಲ್ಲುತ್ತದೆ. ಹಾದ ನೀರನ್ನು ಅಳೆದು ತಿರುಗುವ ಮೀಟರ್ ವಾಲ್ವ್ ಇದ್ದರೂ ಗಡಸುತನದ ಅಂಕಿಯನ್ನು ಋತುವಿಗೆ ತಕ್ಕಂತೆ ನಾವೇ ಬದಲಿಸಬೇಕು.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಕ್ಲೋರೈಡಿನದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಅದು 250 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರಿಲ್ಲದಿದ್ದರೆ ಮಾತ್ರ 1,000. ಸಾಫ್ಟ್‌ನರ್ ಅದನ್ನು ಮುಟ್ಟುವುದೇ ಇಲ್ಲ. ಸವುಳು ಬಾಯಿಗೆ ಹಾಗೇ ಉಳಿಯುತ್ತದೆ, ಸೋಡಿಯಂ ಇನ್ನಷ್ಟು ಕೂಡುತ್ತದೆ. ಟಿಡಿಎಸ್ ಮೀಟರ್ ಹಿಡಿದು ಸಾಫ್ಟ್‌ನರ್ ಪರೀಕ್ಷಿಸುವವರು ಮೋಸ ಹೋಗುವುದು ಇಲ್ಲೇ: ಒಳಗೆ ಹೋದ ಅಂಕಿ, ಹೊರಗೆ ಬಂದ ಅಂಕಿ ಹೆಚ್ಚುಕಡಿಮೆ ಒಂದೇ. ಗಡಸುತನ ತಿಳಿಯಲು ಹನಿ ಹಾಕಿದಂತೆ ಗುಲಾಬಿ ಬಣ್ಣ ನೀಲಿಗೆ ತಿರುಗುವ ಕಿಟ್ ಬೇಕು.

ಇನ್ನು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಲೀಟರ್ ರೆಸಿನ್‌ಗೆ 120 ಗ್ರಾಂ ಹಿಡಿದರೆ ಒಂದು ಸಲಕ್ಕೆ 3 ಕಿಲೋ ಉಪ್ಪು. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಎಂದರೆ ತಿಂಗಳಿಗೆ ಸುಮಾರು 22.5 ಕಿಲೋ. ಅದನ್ನು ಮನೆ ಹಿಂದಿನ ಇಂಗುಗುಂಡಿಗೆ ಬಿಟ್ಟರೆ ಈ ಹೊಯಿಗೆ ತಡೆಯುವುದಿಲ್ಲ; ಬಾವಿಯ ನೀರು ಅತಿ ಕಡಿಮೆಯಿರುವ ತಿಂಗಳಲ್ಲೇ ಉಪ್ಪು ಬಾವಿಯತ್ತ ಇಳಿಯುತ್ತದೆ. ಕಡಲು ಮಾಡುತ್ತಿರುವ ಹಾನಿಗೆ ನಾವೇ ಸಂಬಳ ಕೊಟ್ಟು ಆಳು ಇಟ್ಟಂತೆ.

ಸಾಫ್ಟ್‌ನರ್ ಬೇಡವೇ ಬೇಡ ಎನ್ನಲಾಗದು. ಗೀಜರಿನ ಕಾಯಿಲ್‌ಗೂ ಬಟ್ಟೆ ತೊಳೆಯುವ ಯಂತ್ರಕ್ಕೂ ಬೇಸಿಗೆಯ ಮೂರು ತಿಂಗಳು ಅದರಿಂದ ನಿಜವಾದ ಉಪಯೋಗವಿದೆ. ಆದರೆ ಇಡೀ ಮನೆಗೆ ವರ್ಷವಿಡೀ ಹಾಕುವ ರೂಢಿ ಇಲ್ಲಿಗೆ ತಕ್ಕುದಲ್ಲ. ಬಿಸಿನೀರಿನ ಲೈನಿಗೆ ಮಾತ್ರ ಜೋಡಿಸಿದ ಸಣ್ಣ ಯಂತ್ರ, ಮಳೆ ಹಿಡಿದ ಕೂಡಲೇ ಬೈಪಾಸ್, ಕುಡಿಯಲು ಬೇರೆ ನೀರು, ತೊಳೆದ ನೀರು ಬಾವಿಯಿಂದ ದೂರ: ಈ ನಾಲ್ಕನ್ನು ಒಪ್ಪಿಕೊಂಡರೆ ಕೊಳ್ಳಬಹುದು. ಕೊಳ್ಳುವ ಮುನ್ನ ಮೇ ತಿಂಗಳ ಬಾವಿ ನೀರಿನ ಗಡಸುತನ, ಕ್ಲೋರೈಡ್ ಎರಡನ್ನೂ ಪರೀಕ್ಷೆ ಮಾಡಿಸಬೇಕು. ಕ್ಲೋರೈಡ್ ಸಾವಿರ ದಾಟಿದ ಬಾವಿಗೆ ಸಾಫ್ಟ್‌ನರ್ ಮಾರಲು ಬಂದವರನ್ನು ಕಾಫಿ ಕೊಟ್ಟು ವಾಪಸು ಕಳಿಸುವುದೇ ಲೇಸು.