ಎರಡು ಮೆಟ್ಟಿಲಸಾಲುಗಳ ನಡುವೆ

ಏರುತ್ತಿರುವ ಒಂದು ವಕ್ರರೇಖೆ, ಅದರ ಅಡಿಯಲ್ಲಿ ಸಾಲಾಗಿ ನಿಂತ ಆಯತಗಳು. ಅನುಕಲನದ ಪಾಠದಲ್ಲಿ ಈ ಚಿತ್ರ ಇದ್ದೇ ಇರುತ್ತದೆ. ಆಯತಗಳು ತೆಳ್ಳಗಾದಂತೆ ಅವುಗಳ ಮೊತ್ತ ರೇಖೆಯಡಿಯ ವಿಸ್ತೀರ್ಣಕ್ಕೆ ಹತ್ತಿರವಾಗುತ್ತದೆ ಎಂದು ಹೇಳಿ ಪಾಠ ಮುಂದೆ ಸಾಗುತ್ತದೆ. ಚುರುಕಾದ ವಿದ್ಯಾರ್ಥಿಗೆ ಇಲ್ಲೇ ಅನುಮಾನ ಬರಬೇಕು: ಆಯತ ತೆಳ್ಳಗಾದರೆ ಮೇಲೆ ಬಿಟ್ಟುಹೋಗುವ ಮೂಲೆಗಳು ಚಿಕ್ಕವಾಗುತ್ತವೆ, ನಿಜ. ಆದರೆ ಅವುಗಳ ಸಂಖ್ಯೆ ಹೆಚ್ಚುತ್ತದಲ್ಲ? ಎಲ್ಲ ಕೂಡಿದರೆ ತಪ್ಪು ಅಷ್ಟೇ ಉಳಿಯಬಾರದೇಕೆ?

y = x² ತೆಗೆದುಕೊಳ್ಳಿ, 0ಯಿಂದ 1ರವರೆಗೆ. ತಳವನ್ನು ನಾಲ್ಕು ಸಮಭಾಗ ಮಾಡಿ, ಪ್ರತಿ ಭಾಗದ ಎಡತುದಿಯ ಎತ್ತರಕ್ಕೆ ಆಯತ ಎಬ್ಬಿಸಿದರೆ ಮೊತ್ತ 14/64. ಬಲತುದಿಯ ಎತ್ತರಕ್ಕೆ ಎಬ್ಬಿಸಿದರೆ 30/64. ರೇಖೆ ಏರುತ್ತಲೇ ಇರುವುದರಿಂದ ಮೊದಲನೆಯದು ಅದರ ಕೆಳಗೆ, ಎರಡನೆಯದು ಅದರ ಮೇಲೆ. ನಮಗೆ ಬೇಕಾದ ವಿಸ್ತೀರ್ಣ ಇವೆರಡರ ನಡುವೆ ಸಿಕ್ಕಿಬಿದ್ದಿದೆ.

ಈಗ ಆಯತಗಳನ್ನು ಬಿಟ್ಟು, ಅವುಗಳ ನೆತ್ತಿಗಳಿಂದಾದ ಎರಡು ಮೆಟ್ಟಿಲಸಾಲುಗಳ ನಡುವಿನ ನಾಲ್ಕು ಚೌಕಟ್ಟುಗಳನ್ನಷ್ಟೇ ನೋಡಿ. ಅವುಗಳ ಎತ್ತರ 1/16, 3/16, 5/16, 7/16. ಒಂದರ ನೆತ್ತಿ ಎಲ್ಲಿ ಮುಗಿಯುತ್ತದೋ ಅಲ್ಲೇ ಮುಂದಿನದರ ಬುಡ. ಎಲ್ಲವನ್ನೂ ಅಡ್ಡಲಾಗಿ ಬಲಕ್ಕೆ ಜರುಗಿಸಿದರೆ ಒಂದರ ಮೇಲೊಂದು ಕೂತು, 1 ಎತ್ತರದ, 1/4 ಅಗಲದ ಒಂದೇ ಕಂಬವಾಗುತ್ತವೆ. ಹತ್ತು ಭಾಗ ಮಾಡಿದರೆ ಚೌಕಟ್ಟು ಹತ್ತು, ಕಂಬ ಮಾತ್ರ ಒಂದೇ; ಎತ್ತರ ಅದೇ 1, ಅಗಲ 1/10. ಮೊತ್ತಗಳು 0.285 ಮತ್ತು 0.385. ನೂರು ಭಾಗಕ್ಕೆ 0.32835 ಮತ್ತು 0.33835. ಚೌಕಟ್ಟುಗಳು ಎಷ್ಟೇ ಆಗಲಿ, ಕಂಬದ ಎತ್ತರ ಬೆಳೆಯುವುದಿಲ್ಲ, ಅಗಲ ಕರಗುತ್ತದೆ. ಎರಡು ಮೊತ್ತಗಳ ನಡುವೆ ಕೊನೆಗೆ ಜಾಗ ಉಳಿಯುವುದು 1/3ಕ್ಕೆ ಮಾತ್ರ. ಅದೇ ನಿಶ್ಚಿತ ಅನುಕಲ.

ಈ ಜರುಗಿಸುವ ಉಪಾಯ ನ್ಯೂಟನ್ನನದು, 1687ರ ‘ಪ್ರಿನ್ಸಿಪಿಯಾ’ದಲ್ಲಿದೆ. ಮೊತ್ತಕ್ಕೆ ಹೆಸರು ಕೊಟ್ಟ ರೀಮನ್ ಬಂದದ್ದು 1854ರಲ್ಲಿ, ಇನ್ನೂ ಒರಟಾದ ಫಲನಗಳಿಗೂ ಅನುಕಲ ಯಾವಾಗ ಇರುತ್ತದೆ ಎಂದು ಕೇಳಿದವನಾಗಿ. ನನ್ನ ಕಣ್ಣಿಗೆ ನ್ಯೂಟನ್ನನ ಕಂಬವೇ ಇಡೀ ಚಿತ್ರದ ಜೀವ; ಪಠ್ಯಪುಸ್ತಕಗಳು ಅದನ್ನೇ ಬಿಟ್ಟುಬಿಡುವುದು ಬೇಸರದ ಸಂಗತಿ. ರೇಖೆ ಏರಿ ಇಳಿದರೆ ಏರಿಕೆಗೊಂದು, ಇಳಿತಕ್ಕೊಂದು ಕಂಬ ಮಾಡಿದರಾಯಿತು.

ಕಂಬವಿಲ್ಲದೆ ಬರೀ ಕಣ್ಣನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಚಿತ್ರದಲ್ಲೇ ಪುರಾವೆಯಿದೆ. ಮೆಟ್ಟಿಲುಗಳು ರೇಖೆಗೆ ಅಂಟಿಕೊಂಡಂತೆ ಕಾಣುತ್ತವಲ್ಲ, ಹಾಗಾದರೆ ಮೆಟ್ಟಿಲಿನ ಉದ್ದವೂ ರೇಖೆಯ ಉದ್ದವನ್ನು ತಲುಪಬೇಕು. ಅಳೆದು ನೋಡಿ: ಮೆಟ್ಟಿಲಿನ ಅಡ್ಡಗೆರೆಗಳ ಮೊತ್ತ 1, ನಿಲುಗೆರೆಗಳ ಮೊತ್ತ 1, ಒಟ್ಟು 2. ಹತ್ತು ಮೆಟ್ಟಿಲಿರಲಿ, ಹತ್ತು ಸಾವಿರವಿರಲಿ, ಅದೇ 2. ರೇಖೆಯ ಉದ್ದವೋ ಸುಮಾರು 1.48. ಎಷ್ಟೇ ಸಣ್ಣ ಮೆಟ್ಟಿಲೂ ಅಡ್ಡ ಹೋಗಿ ಮೇಲೇರುತ್ತದೆಯೇ ಹೊರತು ರೇಖೆಯಂತೆ ಓರೆಯಾಗಿ ಸಾಗುವುದಿಲ್ಲ. ವಿಸ್ತೀರ್ಣಕ್ಕೆ ಆ ಓರೆ ಬೇಕಿಲ್ಲ, ಉದ್ದಕ್ಕೆ ಬೇಕು.