ಇಲ್ಲದೆ ಆಗದು, ಇದ್ದರೆ ಸಾಕು: ಬೀದರ್ ಕನ್ನಡದ ಸಂಪರ್ಕವಾದದಲ್ಲಿ ಎರಡು ನಿಬಂಧನೆಗಳ ಗೊಂದಲ

ಗಡಿನಾಡಿನ ಕನ್ನಡವನ್ನು ಕುರಿತ ಪ್ರಬಂಧಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ಮರಾಠಿಯ ಸಂಪರ್ಕದಿಂದ ಇಲ್ಲಿನ ಕನ್ನಡದ ವಾಕ್ಯರಚನೆ ಬದಲಾಗಿದೆ.’ ಈ ವಾಕ್ಯದೊಳಗೆ ಎರಡು ಬೇರೆ ಬೇರೆ ಪ್ರತಿಪಾದನೆಗಳು ಅಡಗಿವೆ. ಸಂಪರ್ಕವಿಲ್ಲದೆ ಆ ಬದಲಾವಣೆ ಆಗದು ಎಂಬುದು ಒಂದು; ಇದು ಅವಶ್ಯಕ ನಿಬಂಧನೆ. ಸಂಪರ್ಕವಿದ್ದರೆ ಸಾಕು, ಬದಲಾವಣೆ ಆಗಿಯೇ ತೀರುತ್ತದೆ ಎಂಬುದು ಇನ್ನೊಂದು. ಇದು ಪರ್ಯಾಪ್ತ ನಿಬಂಧನೆ. ಒಂದಕ್ಕೆ ಒದಗಿಸಿದ ಆಧಾರ ಇನ್ನೊಂದನ್ನು ಸಾಧಿಸುವುದಿಲ್ಲ. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸುತ್ತೇವೆ.

ಕನ್ನಡದ ನಾಮಪದ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ: ‘ಇದು ನಮ್ಮ ಮನೆ’. ಬೀದರ್ ಸೀಮೆಯಲ್ಲಿ ‘ಇದು ನಮ್ಮ ಮನಿ ಅದ’ ಎಂಬ ಮಾತೂ ಕೇಳಿಬರುತ್ತದೆ. ಮರಾಠಿಯಲ್ಲಿ ‘ಹೇ ಆಮಚಂ ಘರ ಆಹೇ’ ಎನ್ನುವಾಗ ‘ಆಹೇ’ ಇರುವಂತೆ ಇಲ್ಲಿ ‘ಅದ’ ಇದೆ. ಹೋಲಿಕೆ ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಕಾರಣ ಮರಾಠಿಯೇ ಎಂಬ ತೀರ್ಮಾನಕ್ಕೆ ಸಂಶೋಧಕರು ಬೇಗ ಬರುತ್ತಾರೆ. ಬೆಂಬಲಕ್ಕೆ ಗುಂಪರ್ಜ್ ಮತ್ತು ವಿಲ್ಸನ್ ಅವರು 1971ರಲ್ಲಿ ಪ್ರಕಟಿಸಿದ ಕುಪ್ವಾಡ ಅಧ್ಯಯನವನ್ನು ಉಲ್ಲೇಖಿಸುತ್ತಾರೆ. ಸಾಂಗಲಿ ಜಿಲ್ಲೆಯ ಆ ಊರಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿದ್ದು, ಅಲ್ಲಿನ ಕನ್ನಡದ ನಾಮಪದ ವಾಕ್ಯವೂ ಕ್ರಿಯಾಪದವನ್ನು ಪಡೆದಿದೆ ಎಂದು ಅವರು ತೋರಿಸಿದ್ದರು. ಆದರೆ ಒಂದು ಊರಿನಲ್ಲಿ ಹೀಗಾಯಿತೆಂಬುದು ಹೀಗಾಗಬಲ್ಲದು ಎಂಬುದನ್ನಷ್ಟೇ ಸಾಧಿಸುತ್ತದೆ. ಅಲ್ಲಿ ಒಟ್ಟಿಗೆ ಇದ್ದ ಹಲವು ಸಂಗತಿಗಳಲ್ಲಿ ಯಾವುದು ಅವಶ್ಯಕ, ಯಾವುವು ಸೇರಿದರೆ ಪರ್ಯಾಪ್ತ ಎಂಬುದನ್ನು ಒಂದೇ ಊರು ಹೇಳಲಾರದು.

ಮೊದಲು ಅವಶ್ಯಕತೆಯನ್ನು ನೋಡೋಣ. ‘ಮರಾಠಿ ಇಲ್ಲದೆ ಈ ಅದ ಬರದು’ ಎಂಬ ಮಾತನ್ನು ಸುಳ್ಳಾಗಿಸಲು ಮರಾಠಿಯ ಒಡನಾಟವಿಲ್ಲದೆ ‘ಅದ’ ಬಳಸುವ ಒಂದು ಸಮುದಾಯ ಸಾಕು. ಅದನ್ನು ಹುಡುಕಬೇಕಾದ ಜಾಗ ಭಾಲ್ಕಿಯಲ್ಲ, ಬೀದರ್ ನಗರ. ನಿಜಾಮರ ಆಡಳಿತ ನಡೆದದ್ದು ಉರ್ದುವಿನಲ್ಲಿ. ನಗರದ ಪೇಟೆಯ ಮಾತು ಇಂದಿಗೂ ಬಹುಮಟ್ಟಿಗೆ ದಖನಿ. ‘ಯೆ ಹಮಾರಾ ಘರ್ ಹೈ’ ಎಂಬಲ್ಲಿಯೂ ಕ್ರಿಯಾಪದವಿದೆ. ಮರಾಠಿ ಬಾರದ, ದಖನಿ ಬಲ್ಲ ಕನ್ನಡಿಗರು ಇಲ್ಲಿ ‘ಅದ’ ಬಳಸುತ್ತಿದ್ದರೆ ಮರಾಠಿ ಅವಶ್ಯಕವೆಂಬ ವಾದ ಬೀಳುತ್ತದೆ. ಮೂರನೆಯ ದಾರಿಯೊಂದೂ ಇದೆ: ‘ಮನ್ಯಾಗ ನೀರ ಅದ’ ಎಂಬ ಇರವಿನ ವಾಕ್ಯದ ಕ್ರಿಯಾಪದ ಯಾವ ಭಾಷೆಯ ನೆರವೂ ಇಲ್ಲದೆ ನಾಮಪದ ವಾಕ್ಯಕ್ಕೆ ಹಬ್ಬಿರಬಹುದು. ಇಲ್ಲಿ ಕೆಲವರು ‘ಸಂಪರ್ಕಜನ್ಯ ಬದಲಾವಣೆಗೆ ಸಂಪರ್ಕ ಅವಶ್ಯಕವಲ್ಲವೇ’ ಎಂದು ಕೇಳುವುದುಂಟು. ಅವಶ್ಯಕವೇ ಸರಿ; ಆದರೆ ಆ ಮಾತು ಪದದ ವ್ಯಾಖ್ಯೆಯಿಂದಲೇ ನಿಜವಾಗಿದೆ, ಕ್ಷೇತ್ರಕಾರ್ಯದಿಂದಲ್ಲ.

ಪರ್ಯಾಪ್ತತೆಯ ಪರೀಕ್ಷೆ ಇದಕ್ಕೆ ವಿರುದ್ಧ ದಿಕ್ಕಿನದು. ‘ಮರಾಠಿ ಇದ್ದರೆ ಸಾಕು’ ಎಂಬುದನ್ನು ಸುಳ್ಳಾಗಿಸಲು ತಲೆಮಾರುಗಳಿಂದ ಮರಾಠಿ ಆಡುತ್ತಲೇ ‘ಇದು ನಮ್ಮ ಮನಿ’ ಎಂದು ನಿಲ್ಲಿಸುವ ಭಾಲ್ಕಿಯ ಒಂದು ಕನ್ನಡ ಸಮುದಾಯ ಸಾಕು. ಔರಾದ್ ಇನ್ನಷ್ಟು ಉಪಯುಕ್ತ. ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ತಾಗಿದ ಈ ತಾಲ್ಲೂಕಿನಲ್ಲಿ ತೆಲುಗಿನ ಒಡನಾಟವೂ ಉಂಟು. ‘ಇದಿ ಮಾ ಇಲ್ಲು’ ಎಂಬ ತೆಲುಗು ವಾಕ್ಯಕ್ಕೆ ಕನ್ನಡದಂತೆಯೇ ಕ್ರಿಯಾಪದವಿಲ್ಲ. ತೆಲುಗನ್ನಷ್ಟೇ ಬಲ್ಲ ಕನ್ನಡಿಗರಲ್ಲಿಯೂ ‘ಅದ’ ಅಷ್ಟೇ ಪ್ರಮಾಣದಲ್ಲಿ ಕಂಡರೆ ಮರಾಠಿ, ದಖನಿ ಎರಡೂ ವಿವರಣೆಗಳು ದುರ್ಬಲವಾಗುತ್ತವೆ.

ತಪ್ಪು ಬಹುತೇಕ ಮಾಹಿತಿದಾರರ ಆಯ್ಕೆಯಲ್ಲಿಯೇ ಆರಂಭವಾಗುತ್ತದೆ. ‘ಅದ’ ಬಳಸುವವರನ್ನಷ್ಟೇ ಆರಿಸಿ ಅವರಿಗೆ ಮರಾಠಿ ಬರುತ್ತದೆಯೇ ಎಂದು ಕೇಳಿದರೆ ಅವಶ್ಯಕತೆಯನ್ನು ಮಾತ್ರ ಪರೀಕ್ಷಿಸಿದಂತಾಯಿತು. ಮರಾಠಿ ಬಲ್ಲರೂ ‘ಅದ’ ಬಳಸದವರು ಆ ಪಟ್ಟಿಗೆ ಬರುವುದೇ ಇಲ್ಲ. ಮರಾಠಿ ಬಲ್ಲವರನ್ನಷ್ಟೇ ಆರಿಸಿದರೆ ಪರ್ಯಾಪ್ತತೆ ಮಾತ್ರ ಪರೀಕ್ಷೆಗೆ ಒಳಪಡುತ್ತದೆ. ಭಾಲ್ಕಿಯಲ್ಲಿ ಮರಾಠಿಯನ್ನೂ ದಖನಿಯನ್ನೂ ಬಲ್ಲ, ‘ಅದ’ವನ್ನೂ ಬಳಸುವ ಮಾಹಿತಿದಾರರನ್ನು ಎಷ್ಟು ಮಂದಿಯನ್ನು ಕೂಡಿಸಿದರೂ ಅವರು ಎರಡು ಪ್ರತಿಪಾದನೆಗಳಲ್ಲಿ ಒಂದನ್ನೂ ಅಲುಗಾಡಿಸಲಾರರು, ಎರಡು ಮೂಲಭಾಷೆಗಳನ್ನು ಬೇರ್ಪಡಿಸಲೂ ಆಗದು.

ಸಾರಾ ಥಾಮಸನ್ ಅವರು 2001ರ ತಮ್ಮ ಗ್ರಂಥದಲ್ಲಿ ಮುಂದಿಟ್ಟ ಬೇಡಿಕೆಗಳಲ್ಲಿ ಎರಡು ಇಲ್ಲಿ ನಿರ್ಣಾಯಕ: ಆ ಲಕ್ಷಣ ಮೂಲಭಾಷೆಯಲ್ಲಿ ಸಂಪರ್ಕಕ್ಕೆ ಮೊದಲೇ ಇತ್ತು, ಸ್ವೀಕರಿಸಿದ ಭಾಷೆಯಲ್ಲಿ ಇರಲಿಲ್ಲ ಎಂದು ತೋರಿಸಬೇಕು. ಇಂದಿನ ಧ್ವನಿಮುದ್ರಣಗಳಿಂದ ಎರಡನೆಯದನ್ನು ತೋರಿಸಲಾಗದು. ಹೋಲಿಕೆ ಅವಶ್ಯಕ, ಪರ್ಯಾಪ್ತವಲ್ಲ ಎಂಬುದು ಈ ಬೇಡಿಕೆಗಳ ಹಿಂದಿನ ತರ್ಕ.

ಆದ್ದರಿಂದ ಅಂತಹ ಪ್ರಬಂಧದ ಲೇಖಕರು ತಮ್ಮ ತೀರ್ಮಾನವನ್ನು ಹೀಗೆ ತಿದ್ದಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ: ‘ನಾವು ಆರಿಸಿದ ಮಾಹಿತಿದಾರರಲ್ಲಿ ಮರಾಠಿಯ ಜ್ಞಾನವೂ ಅದ ರೂಪವೂ ಜೊತೆಯಾಗಿ ಕಂಡಿವೆ; ಮರಾಠಿ ಬಾರದವರನ್ನು ನಾವು ಕೇಳಿಲ್ಲ.’ ಇದು ಚಿಕ್ಕ ಪ್ರತಿಪಾದನೆ. ಆದರೆ ಸಂಗ್ರಹಿಸಿದ ಸಾಮಗ್ರಿ ಇಷ್ಟನ್ನು ಹೊರಬಲ್ಲದು, ಮತ್ತು ಮುಂದಿನ ಸಂಶೋಧಕರು ಯಾರನ್ನು ಕೇಳಬೇಕೆಂಬುದನ್ನು ಇದೇ ತಿಳಿಸುತ್ತದೆ.